ಒಂದೇ ಉತ್ತರಕ್ಕೆ ಒಬ್ಬರು 9, ಇನ್ನೊಬ್ಬರು 16 ಅಂಕ ಕೊಟ್ಟರೆ?

ಪ್ರಶ್ನೆ: “ಗದಗ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ನಾನು ಇತಿಹಾಸದ ಅತಿಥಿ ಉಪನ್ಯಾಸಕಿ. ಆಂತರಿಕ ಪರೀಕ್ಷೆಯಲ್ಲಿ ‘1789ರ ಫ್ರೆಂಚ್ ಕ್ರಾಂತಿಯ ಕಾರಣಗಳನ್ನು ಪರಿಶೀಲಿಸಿ’ ಎಂದು 20 ಅಂಕದ ಕಿರುಪ್ರಬಂಧ ಕೊಟ್ಟಿದ್ದೆ. ವಾದಕ್ಕೆ 4, ಮಾಹಿತಿಗೆ 6, ಕಾರಣಗಳ ವಿವರಣೆಗೆ 6, ರಚನೆ ಮತ್ತು ಭಾಷೆಗೆ 4 ಎಂಬ ಮಾನದಂಡ ಪಟ್ಟಿ ಇತ್ತು. ಆಡುಮಾತು ಬೆರೆಸಿ, ಇಸವಿ ತಪ್ಪಿಸಿ, ತತ್ವಜ್ಞಾನಿಗಳ ಹೆಸರನ್ನೇ ಎತ್ತದೆ ಬರೆದ ಒಬ್ಬ ಹುಡುಗನಿಗೆ ನಾನು 9 ಕೊಟ್ಟೆ. ಹಿರಿಯ ಸಹೋದ್ಯೋಗಿಯೊಬ್ಬರು ಅದನ್ನೇ ಓದಿ 16 ಎಂದರು. ಆರು ತಲೆಬರಹ ಹಾಕಿ ಚೊಕ್ಕವಾಗಿ ಬರೆದ ಹುಡುಗಿಗೆ ನನ್ನದು 15, ಅವರದು 9. ಎರಡೂ ಪತ್ರಿಕೆಗಳ ನಕಲು ಕಳಿಸಿದ್ದೇನೆ. ಪಟ್ಟಿ ಇದ್ದರೂ ಇತಿಹಾಸದಲ್ಲಿ ಅಂಕವೆಂದರೆ ಕೊನೆಗೆ ಮೌಲ್ಯಮಾಪಕರ ಮರ್ಜಿಯೇನು ಸರ್? ಈಗ ನಾನು ಏನು ಮಾಡಲಿ?”

ಉತ್ತರ: ಅಂಚಿನಲ್ಲಿ ನೀವು ಬರೆದಿದ್ದ ಅಂಕಗಳನ್ನು ಕಾಗದದಿಂದ ಮುಚ್ಚಿ ಎರಡೂ ಪತ್ರಿಕೆಗಳನ್ನು ಓದಿದೆ. ನಿಮ್ಮದೇ ಪಟ್ಟಿಯ ಪ್ರಕಾರ ನನಗೆ ಬಂದ ಲೆಕ್ಕ ಹುಡುಗನಿಗೆ 13, ಹುಡುಗಿಗೆ 11. ಅಂದರೆ ಹುಡುಗನ ಉತ್ತರವೇ ಮೇಲು ಎಂದ ನಿಮ್ಮ ಹಿರಿಯರ ತೀರ್ಮಾನ ಸರಿ, ಆದರೆ ಅವರು ತೋರಿಸಿದಷ್ಟು ದೊಡ್ಡ ಅಂತರ ಆ ಎರಡು ಉತ್ತರಗಳ ನಡುವೆ ಇಲ್ಲ. ನೀವು ಸಾಲುಸಾಲಾಗಿ ಅಂಕ ಹಾಕಿದ್ದೀರಿ, ಅವರು ಮೊದಲ ಪುಟದ ಮೇಲೆ ಮೊತ್ತವೊಂದನ್ನೇ ಬರೆದಿದ್ದಾರೆ. ಆದ್ದರಿಂದ ನಿಮ್ಮ ಅಂಕ ಎಲ್ಲಿ ಜಾರಿತು ಎಂಬುದನ್ನು ನಾನು ಹೇಳಬಲ್ಲೆ, ಅವರದು ಎಲ್ಲಿ ಜಾರಿತು ಎಂಬುದನ್ನು ಅವರೇ ಹೇಳಲಾರರು. ಸಾಲುವಾರು ಅಂಕ ಹಾಕುವುದರಿಂದ ಆಗುವ ಮೊದಲ ಪ್ರಯೋಜನವೇ ಇದು.

ಮರ್ಜಿಯ ಮಾತಿಗೆ ಬರುತ್ತೇನೆ. ಮಾನದಂಡ ಪಟ್ಟಿ ಇದ್ದರೆ ಎಲ್ಲರ ಅಂಕವೂ ಒಂದೇ ಆಗಬೇಕು ಎಂಬುದು ಒಂದು ತಪ್ಪು ಕಲ್ಪನೆ. ಪ್ರಬಂಧದ ಅಂಕವೆಲ್ಲ ಮರ್ಜಿ ಎಂಬುದು ಅದರ ಎದುರಿನ ಇನ್ನೊಂದು ತಪ್ಪು ಕಲ್ಪನೆ. 20 ಅಂಕದ ಉತ್ತರದಲ್ಲಿ ಇಬ್ಬರು ಅನುಭವಿಗಳ ನಡುವೆ ಒಂದೆರಡು ಅಂಕದ ಅಂತರ ಬಂದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಏಳು ಅಂಕದ ಅಂತರ ಬಂದಾಗ ಮಾತ್ರ ಅಲ್ಲಿ ಅಭಿರುಚಿಯ ಭೇದಕ್ಕಿಂತ ಬೇರೆಯದೇನೋ ನಡೆದಿರುತ್ತದೆ, ಬಹುಮಟ್ಟಿಗೆ ಇಬ್ಬರೂ ಪಟ್ಟಿಯ ಒಂದೇ ಶಬ್ದಕ್ಕೆ ಬೇರೆ ಬೇರೆ ಅರ್ಥ ಹಚ್ಚಿರುತ್ತಾರೆ. ನಿಮ್ಮ ಪ್ರಸಂಗದಲ್ಲಿ ಆ ಶಬ್ದ ‘ವಿವರಣೆ’. ನೀವು ಅದನ್ನು ‘ಪ್ರತಿಯೊಂದು ಕಾರಣದ ಬಗ್ಗೆ ನಾಲ್ಕು ವಾಕ್ಯ’ ಎಂದು ಓದಿದ್ದೀರಿ, ಅವರು ‘ಒಂದರಿಂದ ಇನ್ನೊಂದು ಹೇಗೆ ಆಯಿತು’ ಎಂದು ಓದಿದ್ದಾರೆ. ಪಟ್ಟಿಯ ಮೂರನೆಯ ಸಾಲಿನಲ್ಲಿ ನೀವೇ ಬರೆದದ್ದನ್ನು ನೋಡಿ: ಕಾರಣಗಳನ್ನು ಹೆಸರಿಸಿದರೆ 1ರಿಂದ 2, ಕೆಲವು ಸಂಬಂಧಗಳನ್ನು ತೋರಿಸಿದರೆ 3ರಿಂದ 4, ಕಾರಣಗಳ ನಡುವಣ ಸಂಬಂಧವನ್ನು ಸ್ಪಷ್ಟವಾಗಿ ಬಿಡಿಸಿದರೆ 5ರಿಂದ 6. ಪಟ್ಟಿ ನಿಮ್ಮ ಹಿರಿಯರ ಕಡೆಗಿದೆ.

ಮೊದಲು ಹುಡುಗಿಯ ಉತ್ತರವನ್ನು ತೆಗೆದುಕೊಳ್ಳುತ್ತೇನೆ, ಏಕೆಂದರೆ ಇಂಥ ಉತ್ತರಗಳೇ ನಮ್ಮ ಕಟ್ಟಿನಲ್ಲಿ ಹೆಚ್ಚು. ರಾಜಕೀಯ ಕಾರಣ, ಸಾಮಾಜಿಕ ಕಾರಣ, ಆರ್ಥಿಕ ಕಾರಣ, ತತ್ವಜ್ಞಾನಿಗಳ ಪ್ರಭಾವ, ಅಮೆರಿಕದ ಸ್ವಾತಂತ್ರ್ಯ ಯುದ್ಧದ ಪ್ರಭಾವ, ತಕ್ಷಣದ ಕಾರಣ ಎಂಬ ಆರು ತಲೆಬರಹಗಳು ನನ್ನ ವಿದ್ಯಾರ್ಥಿ ದೆಸೆಯ ನೋಟ್ಸಿನಲ್ಲಿಯೂ ಇದ್ದವು. ತಲೆಬರಹ ಹಾಕುವುದು ತಪ್ಪಲ್ಲ. ಆದರೆ ಇಂಥ ಉತ್ತರಕ್ಕೆ ನಾನು ಮಾಡುವ ಒಂದು ಪರೀಕ್ಷೆಯಿದೆ: ಪ್ಯಾರಾಗಳ ಕ್ರಮವನ್ನು ಮನಸ್ಸಿನಲ್ಲಿಯೇ ಅದಲುಬದಲು ಮಾಡಿ ಓದುತ್ತೇನೆ. ತತ್ವಜ್ಞಾನಿಗಳನ್ನು ಮೊದಲಿಗೂ ರಾಜಕೀಯ ಕಾರಣವನ್ನು ಕೊನೆಗೂ ಇಟ್ಟಾಗ ಉತ್ತರಕ್ಕೆ ಏನೂ ಕೊರತೆಯಾಗದಿದ್ದರೆ, ಅಲ್ಲಿರುವುದು ಪಟ್ಟಿ. ನಿಜವಾದ ವಿವರಣೆಯಾಗಿದ್ದರೆ ಹಾಗೆ ಕಿತ್ತಿಟ್ಟ ಕೂಡಲೇ ಎಳೆ ಕಡಿಯುತ್ತದೆ. ಈ ಹುಡುಗಿಯ ಉತ್ತರವನ್ನು ನಾನು ಮೂರು ರೀತಿ ಜೋಡಿಸಿ ನೋಡಿದೆ, ಮೂರೂ ಒಂದೇ ತರಹ ಓದಿಸಿಕೊಂಡವು.

‘ಆದ್ದರಿಂದ’ ಎಂಬ ಪದ ಅವಳ ಪತ್ರಿಕೆಯಲ್ಲಿ ಐದು ಕಡೆ ಬಂದಿದೆ. ಆ ಪದ ಕಂಡ ಕೂಡಲೇ ಸಂಬಂಧ ತೋರಿಸಿದ್ದಾರೆ ಎಂದು ಅಂಕ ಕೊಟ್ಟುಬಿಡುವುದು ಸಾಮಾನ್ಯ ಜಾರು. ಅವಳ ಒಂದು ವಾಕ್ಯ ಹೀಗಿದೆ: “ಮಾಂಟೆಸ್ಕ್ಯೂ, ವಾಲ್ಟೇರ್ ಮತ್ತು ರೂಸೋ ಜನರನ್ನು ಎಚ್ಚರಿಸಿದರು. ಆದ್ದರಿಂದ ಜನರು ಕ್ರಾಂತಿ ಮಾಡಿದರು.” ಮಾಂಟೆಸ್ಕ್ಯೂ ತೀರಿಕೊಂಡದ್ದು 1755ರಲ್ಲಿ, ವಾಲ್ಟೇರ್, ರೂಸೋ ಇಬ್ಬರೂ 1778ರಲ್ಲಿ. ಅವರ ವಿಚಾರಗಳು ಅಲ್ಲಿಂದ 1789ರವರೆಗೆ ಯಾರ ಕೈಯಲ್ಲಿದ್ದವು, ಯಾರು ಅವನ್ನು ಯಾವುದಕ್ಕೆ ಬಳಸಿದರು ಎಂಬ ಸೇತುವೆ ಇಲ್ಲದೆ ಆ ‘ಆದ್ದರಿಂದ’ಕ್ಕೆ ಬೆಲೆ ಇಲ್ಲ. ಆ ವಿಚಾರಗಳನ್ನು ಓದಿದವರಲ್ಲಿ ಶ್ರೀಮಂತ ವರ್ಗದವರೂ ಇದ್ದರು. ಅರಸನ ತೆರಿಗೆ ಸುಧಾರಣೆಯನ್ನು ತಡೆದ ಪ್ಯಾರಿಸಿನ ಪಾರ್ಲಮೆಂಟ್ ಎಂಬ ನ್ಯಾಯಮಂಡಲಿಯೇ ‘ರಾಷ್ಟ್ರದ ಹಕ್ಕು’ ಎಂಬ ಭಾಷೆಯಲ್ಲಿ ಮಾತನಾಡುತ್ತಿತ್ತು. 1789ರ ಜನವರಿಯಲ್ಲಿ ಪಾದ್ರಿ ಸೀಯೆಸ್, ಪಾದ್ರಿಗಳನ್ನೂ ಶ್ರೀಮಂತರನ್ನೂ ಬಿಟ್ಟು ಉಳಿದ ಜನರೆಲ್ಲ ಸೇರಿದ ಮೂರನೆಯ ವರ್ಗವೇ ರಾಷ್ಟ್ರ ಎಂದು ಕಿರುಹೊತ್ತಗೆ ಹೊರಡಿಸಿದ. ಇವುಗಳಲ್ಲಿ ಒಂದನ್ನಾದರೂ ಹೇಳಿದ್ದರೆ ವಿಚಾರದಿಂದ ಘಟನೆಗೆ ಒಂದು ಮೆಟ್ಟಿಲು ಸಿಕ್ಕುತ್ತಿತ್ತು, ಆಗ ನಾನು ಮೂರನೆಯ ಸಾಲಿನಲ್ಲಿ 3 ಹಾಕುತ್ತಿದ್ದೆ. ಈಗ ಹಾಕಿದ್ದು 2.

ಅವಳ ‘ತಕ್ಷಣದ ಕಾರಣ’ದ ತಲೆಬರಹದಡಿ ಇರುವುದು ಜುಲೈ 14ರ ಬ್ಯಾಸ್ಟಿಲ್ ಪತನ. ನೀವು ಅಲ್ಲಿ ಸರಿ ಗುರುತು ಹಾಕಿದ್ದೀರಿ. ಆದರೆ ಮೂರನೆಯ ವರ್ಗದ ಪ್ರತಿನಿಧಿಗಳು ತಮ್ಮನ್ನು ರಾಷ್ಟ್ರೀಯ ಸಭೆ ಎಂದು ಘೋಷಿಸಿಕೊಂಡದ್ದು ಜೂನ್ 17ರಂದು, ಸಂವಿಧಾನ ಕೊಡುವವರೆಗೆ ಚದುರುವುದಿಲ್ಲ ಎಂದು ಟೆನಿಸ್ ಅಂಗಳದಲ್ಲಿ ಪ್ರಮಾಣ ಮಾಡಿದ್ದು ಜೂನ್ 20ರಂದು. ಬ್ಯಾಸ್ಟಿಲ್ ಬೀಳುವ ಹೊತ್ತಿಗೆ ಕ್ರಾಂತಿ ನಡೆಯುತ್ತಲೇ ಇತ್ತು, ಆದ್ದರಿಂದ ಅದು ಕ್ರಾಂತಿಯ ಒಂದು ಘಟನೆಯೇ ಹೊರತು ಕ್ರಾಂತಿಗೆ ಕಾರಣವಲ್ಲ. ಇಂಥ ತಪ್ಪನ್ನು ಮಾಹಿತಿಯ ಸಾಲಿನಲ್ಲಿ ಮಾತ್ರ ಎಣಿಸಿ ಬಿಡಲಾಗದು. ದಿನಾಂಕ ಸರಿಯಾಗಿಯೇ ಇದೆ. ತಪ್ಪಿರುವುದು ಅದಕ್ಕೆ ಕೊಟ್ಟ ಸ್ಥಾನ, ಮತ್ತು ಸ್ಥಾನದ ತಪ್ಪು ವಿವರಣೆಯ ತಪ್ಪು.

ಇನ್ನೆರಡು ವಾಕ್ಯಗಳ ಬಗ್ಗೆ ಹೇಳಬೇಕು, ಏಕೆಂದರೆ ಇಲ್ಲಿ ಶಿಕ್ಷೆ ಯಾರಿಗೆ ಆಗಬೇಕು ಎಂಬ ಪ್ರಶ್ನೆ ಇದೆ. ಮೊದಲ ಎರಡು ವರ್ಗಗಳು ‘ಯಾವ ತೆರಿಗೆಯನ್ನೂ ಕೊಡುತ್ತಿರಲಿಲ್ಲ’ ಎಂದು ಅವಳು ಬರೆದಿದ್ದಾಳೆ. ಶ್ರೀಮಂತರು ‘ತಾಯ್’ ಎಂಬ ಮುಖ್ಯ ನೇರ ತೆರಿಗೆಯಿಂದ ವಿನಾಯಿತಿ ಪಡೆದಿದ್ದರೆಂಬುದು ನಿಜ. ಆದರೆ ತಲೆಗಂದಾಯ ಮತ್ತು ‘ವೆಂಟಿಯೆಂ’ ಎಂಬ ಇಪ್ಪತ್ತನೆಯ ಒಂದು ಪಾಲಿನ ತೆರಿಗೆ ಕಾನೂನಿನ ಪ್ರಕಾರ ಅವರಿಗೂ ತಗಲುತ್ತಿದ್ದವು, ಪ್ರಭಾವ ಬಳಸಿ ಅವರು ಕಡಿಮೆ ಕಟ್ಟುತ್ತಿದ್ದರು ಅಷ್ಟೇ. ಆದರೂ ಈ ವಾಕ್ಯಕ್ಕೆ ನಾನು ಅಂಕ ಕಳೆಯಲಿಲ್ಲ. ನಮ್ಮ ಹುಡುಗರು ಓದುವ ನೋಟ್ಸು, ಗೈಡುಗಳಲ್ಲಿ ಅದು ಹಾಗೆಯೇ ಇರುತ್ತದೆ. ಓದಿಗೆ ಕೊಟ್ಟ ಸಾಮಗ್ರಿಯ ತಪ್ಪನ್ನು ಓದಿದವಳ ತಲೆಗೆ ಕಟ್ಟುವುದು ನ್ಯಾಯವಲ್ಲ. ಅಂಚಿನಲ್ಲಿ ತಿದ್ದಿ ಬಿಟ್ಟರೆ ಸಾಕು. ‘ಬ್ರೆಡ್ ಇಲ್ಲದಿದ್ದರೆ ಕೇಕ್ ತಿನ್ನಿ’ ಎಂದು ರಾಣಿ ಮೇರಿ ಆಂತ್ವಾನೆತ್ ಹೇಳಿದಳೆಂಬ ಮಾತಿಗೂ ಹೆಚ್ಚುಕಡಿಮೆ ಇದೇ ನ್ಯಾಯ. ಒಬ್ಬ ರಾಜಕುಮಾರಿ ಹೀಗೆಂದಳೆಂಬ ಕಥೆಯನ್ನು ರೂಸೋ ತನ್ನ ಆತ್ಮಕಥೆಯಲ್ಲಿ 1760ರ ದಶಕದಲ್ಲಿ ಬರೆದಿಟ್ಟಾಗ ಮೇರಿ ಆಂತ್ವಾನೆತ್ ಆಸ್ಟ್ರಿಯದಲ್ಲಿದ್ದ ಸಣ್ಣ ಹುಡುಗಿ. ಅವಳು ಫ್ರಾನ್ಸಿಗೆ ಬಂದದ್ದು 1770ರಲ್ಲಿ. ಕಥೆಗೆ ಅಂಕ ಕಳೆಯಬೇಡಿ, ಆದರೆ ‘ಈ ಮಾತಿನಿಂದ ಜನ ಸಿಟ್ಟಿಗೆದ್ದು ಕ್ರಾಂತಿಯಾಯಿತು’ ಎಂದು ಅದನ್ನು ಕಾರಣವಾಗಿ ನಿಲ್ಲಿಸಿದಾಗ ವಿವರಣೆಯ ಸಾಲಿನಲ್ಲಿ ಅದಕ್ಕೆ ಅಂಕ ಕೊಡಲೂಬೇಡಿ. ನೀವು ಅಲ್ಲಿಯೂ ಸರಿ ಗುರುತು ಹಾಕಿದ್ದೀರಿ ಎಂಬುದನ್ನು ಎತ್ತಿ ಆಡುತ್ತಿಲ್ಲ. ಕಟ್ಟಿನ ನಲವತ್ತನೆಯ ಪತ್ರಿಕೆಯ ಹೊತ್ತಿಗೆ ಕೈ ತಾನಾಗಿಯೇ ಗುರುತು ಹಾಕುತ್ತದೆ.

ಹೀಗೆ ಅವಳಿಗೆ ವಾದದಲ್ಲಿ 2 ಬಂತು. ಸಾಮಾಜಿಕ ಅಸಮಾನತೆಯೇ ಪ್ರಮುಖ ಕಾರಣವೆಂದು ಆರಂಭದಲ್ಲಿ ಹೇಳಿದವಳು ‘ಹೀಗೆ ಹಲವಾರು ಕಾರಣಗಳಿಂದ ಕ್ರಾಂತಿ ಸಂಭವಿಸಿತು’ ಎಂದು ಮುಗಿಸಿದ್ದಾಳೆ, ಅಂದರೆ ತನ್ನ ಮಾತನ್ನು ತಾನೇ ಬಿಟ್ಟುಕೊಟ್ಟಿದ್ದಾಳೆ. ಮಾಹಿತಿಗೆ 4, ವಿವರಣೆಗೆ 2, ರಚನೆ ಮತ್ತು ಭಾಷೆಗೆ 3. ನೀವು ಕೊನೆಯ ಸಾಲಿನಲ್ಲಿ ಪೂರ್ತಿ 4 ಕೊಟ್ಟದ್ದು ಅಕ್ಷರದ ಅಂದಕ್ಕೆ ಮತ್ತು ಗೆರೆ ಎಳೆದ ತಲೆಬರಹಗಳಿಗೆ ಎಂದು ನನ್ನ ಊಹೆ. ಆ ಸಾಲು ಕೇಳುವುದು ಪ್ಯಾರಾಗಳು ಒಂದರಿಂದೊಂದು ಬೆಳೆದಿವೆಯೇ ಎಂದು.

ಈಗ ಹುಡುಗನ ಪತ್ರಿಕೆ. ಒಂದೂವರೆ ಪುಟ, ಪೀಠಿಕೆ ಇಲ್ಲ, ನೇರವಾಗಿ ಖಜಾನೆಯ ಮಾತಿನಿಂದ ಶುರುವಾಗುತ್ತದೆ: “ಸರ್ಕಾರದ ಹತ್ತಿರ ದುಡ್ಡು ಇರಲಿಲ್ಲ. ಅಮೆರಿಕದ ಯುದ್ಧಕ್ಕೆ ಸಾಲ ಮಾಡಿದ್ದರಿಂದ ಬಂದ ಆದಾಯದಲ್ಲಿ ಅರ್ಧ ಬಡ್ಡಿಗೇ ಹೋಗುತ್ತಿತ್ತು. ದೊಡ್ಡವರ ಮೇಲೂ ತೆರಿಗೆ ಹಾಕೋಣ ಎಂದು ಮಂತ್ರಿ ಹೇಳಿದರೆ ದೊಡ್ಡವರು ಒಪ್ಪಲಿಲ್ಲ. ಹಂಗಾಗಿ 1614ರ ನಂತರ ಕರೆಯದೇ ಇದ್ದ ಸಭೆಯನ್ನು ರಾಜ ಕರೆಯಬೇಕಾಯಿತು.” ನಾಲ್ಕು ವಾಕ್ಯ. ಇವುಗಳ ಕ್ರಮ ಬದಲಿಸಿ ನೋಡಿ, ಆಗುವುದಿಲ್ಲ. ಸಾಲದಿಂದ ಬಡ್ಡಿ, ಬಡ್ಡಿಯಿಂದ ಹೊಸ ತೆರಿಗೆಯ ಅಗತ್ಯ, ತೆರಿಗೆಯ ಪ್ರಸ್ತಾಪದಿಂದ ಪ್ರತಿರೋಧ, ಪ್ರತಿರೋಧದಿಂದ ಸಭೆ. ನಿಜ ಇತಿಹಾಸದ ವಿವರದೊಡನೆ ಹೊಂದಿಸಿದರೂ ಈ ಸರಪಳಿ ತಾಳುತ್ತದೆ. 1786ರ ಆಗಸ್ಟಿನಲ್ಲಿ ಹಣಕಾಸು ಮಂತ್ರಿ ಕಲೋನ್ ಖೋತಾದ ವಿಷಯವನ್ನು ಹದಿನಾರನೆಯ ಲೂಯಿಯ ಮುಂದಿಟ್ಟು ಎಲ್ಲ ಭೂಮಾಲೀಕರ ಮೇಲೂ ಭೂತೆರಿಗೆ ಹಾಕುವ ಯೋಜನೆ ಕೊಟ್ಟ. 1787ರ ಫೆಬ್ರುವರಿಯಲ್ಲಿ ಕೂಡಿದ ಗಣ್ಯರ ಸಭೆ ಅದನ್ನು ಒಪ್ಪಲಿಲ್ಲ. ಅವನ ನಂತರ ಬಂದ ಬ್ರಿಯೆನ್ ಪ್ಯಾರಿಸಿನ ಪಾರ್ಲಮೆಂಟಿನೊಡನೆ ಗುದ್ದಾಡಿ ಸೋತ. 1788ರ ಆಗಸ್ಟ್ 8ರಂದು, ಮೂರೂ ವರ್ಗಗಳ ಪ್ರತಿನಿಧಿಗಳು ಸೇರುವ ಎಸ್ಟೇಟ್ಸ್ ಜನರಲ್ ಮಹಾಸಭೆಯನ್ನು ಮುಂದಿನ ವರ್ಷದ ಮೇ ತಿಂಗಳಿಗೆ ಕರೆಯುವ ನಿರ್ಧಾರ ಹೊರಬಿತ್ತು. ಹುಡುಗನಿಗೆ ಕಲೋನ್, ಬ್ರಿಯೆನ್ ಇವರ ಹೆಸರು ನೆನಪಿಲ್ಲ, ‘ಮಂತ್ರಿ’ ಎಂದು ಬಿಟ್ಟಿದ್ದಾನೆ. ಅದು ಮಾಹಿತಿಯ ಸಾಲಿನ ಕೊರತೆ. ವಿವರಣೆಯ ಸಾಲಿನಲ್ಲಿ ಆ ಹೆಸರಿಲ್ಲದ ಮಂತ್ರಿಯೂ ತನ್ನ ಕೆಲಸ ಮಾಡಿದ್ದಾನೆ.

ಮುಂದಿನ ಪ್ಯಾರಾದಲ್ಲಿ ನೀವು ಕೆಂಪು ಶಾಯಿಯಲ್ಲಿ ಎರಡು ಸಲ ಅಡಿಗೆರೆ ಎಳೆದಿರುವ ಜಾಗ ಇದೆ. “1787ರಲ್ಲಿ ಆಲಿಕಲ್ಲು ಮಳೆ ಬಿದ್ದು ಗೋಧಿ ಹಾಳಾಯಿತು, ಬ್ರೆಡ್ಡಿನ ದರ ಏರಿತು” ಎಂದು ಬರೆದಿದ್ದಾನೆ. ಆ ಆಲಿಕಲ್ಲು ಮಳೆ ಬಿದ್ದದ್ದು 1788ರ ಜುಲೈ 13ರಂದು. ನೀವು ಇದಕ್ಕಾಗಿ ಮಾಹಿತಿಯಲ್ಲೂ ಕಳೆದಿದ್ದೀರಿ, ವಿವರಣೆಯಲ್ಲೂ ಕಳೆದಿದ್ದೀರಿ. ಒಂದು ತಪ್ಪಿಗೆ ಎರಡು ಸಾಲಿನಲ್ಲಿ ದಂಡ ಹಾಕುವುದು ಮಾನದಂಡ ಪಟ್ಟಿ ಬಳಸುವವರ ಅತಿ ಸಾಮಾನ್ಯ ತಪ್ಪು, ಮತ್ತು ಹುಡುಗನಿಗೆ ನೀವು ಕೊಟ್ಟ 9ರ ಹಿಂದೆ ಬಹುಪಾಲು ಇದೇ ಇದೆ. ನಾನು ಪಾಲಿಸುವ ರೂಢಿ ಹೀಗೆ: ತಪ್ಪಿದ ಇಸವಿಯಿಂದ ಘಟನೆಗಳ ಹಿಂದುಮುಂದು ಕೆಟ್ಟಿದೆಯೇ ಎಂದು ನೋಡುತ್ತೇನೆ. 1787 ಎಂದರೂ 1788 ಎಂದರೂ ಆ ಮಳೆ 1789ರ ಮೇ ತಿಂಗಳ ಸಭೆಗಿಂತ ಮುಂಚೆಯೇ ಬೀಳುತ್ತದೆ, ಆದ್ದರಿಂದ ಸರಪಳಿ ಕೆಡಲಿಲ್ಲ, ಮಾಹಿತಿಯಲ್ಲಿ ಒಂದು ಅಂಕ ಹೋದರೆ ಸಾಕು. ಅವನೇನಾದರೂ 1790 ಎಂದು ಬರೆದಿದ್ದರೆ ಕಾರಣ ಪರಿಣಾಮಕ್ಕಿಂತ ಆಮೇಲೆ ಬಂದಂತಾಗಿ ವಿವರಣೆಯೂ ಮುರಿಯುತ್ತಿತ್ತು, ಆಗ ಎರಡೂ ಕಡೆ ಕಳೆಯುವುದು ಸರಿಯಾಗುತ್ತಿತ್ತು.

ಎರಡನೆಯ ಅಡಿಗೆರೆಯ ಪಕ್ಕ ‘ಅಪ್ರಸ್ತುತ’ ಎಂದು ಬರೆದಿದ್ದೀರಿ. ಆ ವಾಕ್ಯಗಳನ್ನು ಅವನು ಬರೆದಂತೆಯೇ ಇಲ್ಲಿಡುತ್ತೇನೆ: “ನಮ್ಮ ಕಡೆ ಬರ ಬಿದ್ದರ ಜನ ದಂಗೆ ಏಳೂದಿಲ್ಲ, ಗುಳೆ ಹೋಗತಾರ. ಫ್ರಾನ್ಸಿನಲ್ಲಿ ಹಸಿವಿನ ಜೊತೆಗೆ ಸಭೆಯೂ ಕೂಡಿತ್ತು, ಜನ ತಮ್ಮ ಕಷ್ಟ ಬರೆದು ಕೊಟ್ಟಿದ್ದರು. ಹಸಿವು ಒಂದೇ ಇದ್ದಿದ್ದರೆ ಕ್ರಾಂತಿ ಆಗುತ್ತಿರಲಿಲ್ಲ.”

ಎರಡು ಪತ್ರಿಕೆಗಳಲ್ಲಿ ಇತಿಹಾಸಕಾರ ಬರೆಯಬಹುದಾದ ವಾಕ್ಯಗಳೆಂದರೆ ಇವೇ. ಮುಂಡರಗಿ, ರೋಣದ ಕಡೆಯ ಹಳ್ಳಿಗಳಿಂದ ಗುಳೆ ಹೋಗುವವರನ್ನು ಕಂಡ ಹುಡುಗ, ಹಸಿವು ಇದ್ದಲ್ಲೆಲ್ಲ ಕ್ರಾಂತಿ ಆಗುವುದಿಲ್ಲ ಎಂಬುದನ್ನು ತನ್ನ ಕಣ್ಣಿನ ಸಾಕ್ಷಿಯಿಂದ ಹಿಡಿದು, ಹಾಗಾದರೆ ಅಲ್ಲಿ ಹಸಿವಿನ ಜೊತೆಗೆ ಇನ್ನೇನು ಇತ್ತು ಎಂದು ಕೇಳಿದ್ದಾನೆ. ಒಂದು ಕಾರಣ ಸಾಲುತ್ತದೆಯೇ ಎಂದು ಅಳೆಯುವ ಕ್ರಮವೇ ಇದು: ಅದೇ ಕಾರಣ ಇದ್ದೂ ಪರಿಣಾಮ ಬರದ ಜಾಗವೊಂದನ್ನು ಪಕ್ಕದಲ್ಲಿ ನಿಲ್ಲಿಸಿ ನೋಡುವುದು. ಫ್ರಾನ್ಸಿನೊಳಗೇ ಇದಕ್ಕೆ ಸಾಕ್ಷಿ ಇದೆ. 1775ರಲ್ಲಿ ಹಿಟ್ಟಿನ ದರ ಏರಿದಾಗ ಪ್ಯಾರಿಸಿನ ಸುತ್ತ ದೊಡ್ಡ ಗಲಭೆಗಳಾದವು, ಆದರೆ ಅವು ಗಲಭೆಯಾಗಿಯೇ ಮುಗಿದವು. 1789ರಲ್ಲಿ ಬೇರೆಯಾದದ್ದು ಏನೆಂಬುದಕ್ಕೆ ಅವನು ಕೊಟ್ಟ ಉತ್ತರವೂ ಸರಿ. ಆಲಿಕಲ್ಲು ಬಿದ್ದ ಜುಲೈ 13ಕ್ಕೂ ಸಭೆ ಕರೆದ ಆಗಸ್ಟ್ 8ಕ್ಕೂ ನಡುವೆ ಒಂದು ತಿಂಗಳೂ ಇಲ್ಲ. ಮುಂದಿನ ಫೆಬ್ರುವರಿಯ ಹೊತ್ತಿಗೆ ಪ್ಯಾರಿಸಿನಲ್ಲಿ ನಾಲ್ಕು ಪೌಂಡಿನ ಬ್ರೆಡ್ಡಿನ ಬೆಲೆ ಆ ಕಾಲದ ಫ್ರೆಂಚ್ ನಾಣ್ಯದಲ್ಲಿ ಸುಮಾರು 9 ಸೂ ಇದ್ದದ್ದು 14.5 ಸೂ ಆಯಿತು; ಕೂಲಿಯವನ ದಿನದ ಗಳಿಕೆ ಹೆಚ್ಚುಕಡಿಮೆ 20ರಿಂದ 30 ಸೂ. ಅದೇ ತಿಂಗಳುಗಳಲ್ಲಿ ಊರೂರಿನಲ್ಲಿ ಜನ ಸೇರಿ ಸಭೆಗೆ ಕಳಿಸಬೇಕಾದ ಅಹವಾಲಿನ ಪುಸ್ತಕಗಳನ್ನು ಬರೆಯಿಸುತ್ತಿದ್ದರು. ಹೊಟ್ಟೆ ಖಾಲಿ ಇದ್ದಾಗಲೇ ‘ನಿಮ್ಮ ಕಷ್ಟ ಹೇಳಿ’ ಎಂದು ಅರಸನೇ ಕೇಳಿದ್ದ. ಹುಡುಗ ‘ಜನ ತಮ್ಮ ಕಷ್ಟ ಬರೆದು ಕೊಟ್ಟಿದ್ದರು’ ಎಂದು ಅರ್ಧ ವಾಕ್ಯದಲ್ಲಿ ಹೇಳಿದ್ದು ಈ ಅಹವಾಲುಗಳನ್ನೇ.

ಹಾಗೆಂದು ಅವನಿಗೆ ವಿವರಣೆಯಲ್ಲಿ 6 ಕೊಡಲಾರೆ. ಸಭೆ ಕೂಡಿತು ಎಂಬಲ್ಲಿಗೆ ಅವನ ಸರಪಳಿ ನಿಂತುಬಿಡುತ್ತದೆ, ಸಭೆ ಕೂಡಿದ್ದೇ ಕ್ರಾಂತಿ ಎಂಬಂತೆ. ಸಭೆ ಕ್ರಾಂತಿಯಾಗಿ ತಿರುಗಿದ್ದು ಮತ ಎಣಿಸುವ ಜಗಳದಿಂದ: ವರ್ಗಕ್ಕೊಂದು ಮತವಾದರೆ ಮೊದಲ ಎರಡು ವರ್ಗಗಳು ಸೇರಿ ಯಾವಾಗಲೂ ಗೆಲ್ಲುತ್ತವೆ, ತಲೆ ಎಣಿಸಿದರೆ ಪ್ರತಿನಿಧಿಗಳ ಸಂಖ್ಯೆಯನ್ನು ಆಗಲೇ ದುಪ್ಪಟ್ಟು ಮಾಡಿಸಿಕೊಂಡಿದ್ದ ಮೂರನೆಯ ವರ್ಗಕ್ಕೆ ಬಲ ಬರುತ್ತದೆ. ಮೂರು ವರ್ಗಗಳ ಅಸಮಾನತೆ, ಅಂದರೆ ಹುಡುಗಿ ಅಷ್ಟು ಚೆನ್ನಾಗಿ ವರ್ಣಿಸಿದ ‘ಸಾಮಾಜಿಕ ಕಾರಣ’, ಹುಡುಗನ ಸರಪಳಿಯಲ್ಲಿ ಬಂದು ಕೂಡಬೇಕಿದ್ದ ಜಾಗ ಇದೇ. ಅವನಲ್ಲಿ ಅದು ಇಲ್ಲ, ಅವಳಲ್ಲಿ ಅದು ಇದೆ ಆದರೆ ಎಲ್ಲಿಗೂ ಕೂಡುವುದಿಲ್ಲ. ಹೀಗಾಗಿ ಅವನಿಗೆ ವಿವರಣೆಯಲ್ಲಿ 5. ಮಾಹಿತಿಯಲ್ಲಿ ಹೆಸರುಗಳ ಕೊರತೆ, ಇಸವಿಯ ತಪ್ಪು, ವರ್ಗವ್ಯವಸ್ಥೆಯ ಮೌನ ಇವೆಲ್ಲ ಸೇರಿ 3. ನಿಮ್ಮ ಹಿರಿಯರು 16ಕ್ಕೆ ಏರಿದ್ದು, ಗುಳೆಯ ಆ ವಾಕ್ಯಕ್ಕೆ ಮನಸೋತು ಮಾಹಿತಿಯ ಸಾಲನ್ನು ಮರೆತದ್ದರಿಂದ ಎಂದು ನನಗೆ ಅನುಮಾನ. ನಾನೂ ಒಂದು ಕ್ಷಣ ಮನಸೋತೆ.

ತತ್ವಜ್ಞಾನಿಗಳಿಲ್ಲ ಎಂಬ ನಿಮ್ಮ ಆಕ್ಷೇಪಕ್ಕೆ ಪಟ್ಟಿಯಲ್ಲಿ ಆಧಾರವಿಲ್ಲ. ಅದರಲ್ಲಿರುವುದು ‘ಸಾಕಷ್ಟು ಮತ್ತು ನಿಖರ ಮಾಹಿತಿ’ ಎಂದಷ್ಟೇ. ಆರೂ ಕಾರಣ ಬರಲೇಬೇಕು ಎಂದಿಲ್ಲ. ಪರೀಕ್ಷೆ ಮುಗಿದ ಮೇಲೆ ಆ ನಿಯಮವನ್ನು ಮನಸ್ಸಿನಲ್ಲಿ ಸೇರಿಸಿಕೊಳ್ಳಲು ಬರುವುದಿಲ್ಲ.

ವಾದದ ಸಾಲಿನಲ್ಲಿ ನೀವು ಅವನಿಗೆ 1 ಕೊಟ್ಟು ‘ಪೀಠಿಕೆ ಇಲ್ಲ’ ಎಂದಿದ್ದೀರಿ. ಅವನ ನಿಲುವು ಕೊನೆಯಲ್ಲಿದೆ: ಹಸಿವು ಒಂದೇ ಇದ್ದಿದ್ದರೆ ಕ್ರಾಂತಿ ಆಗುತ್ತಿರಲಿಲ್ಲ. ನಿಲುವು ಇದೆಯೇ ಎಂಬುದು ವಾದದ ಸಾಲು, ಅದನ್ನು ಎಲ್ಲಿಟ್ಟಿದ್ದಾನೆ ಎಂಬುದು ರಚನೆಯ ಸಾಲು. ಆದ್ದರಿಂದ ವಾದಕ್ಕೆ 3. ‘ಬಿದ್ದರ’, ‘ಏಳೂದಿಲ್ಲ’, ‘ಹಂಗಾಗಿ’ ಎಂಬ ಧಾರವಾಡ ಸೀಮೆಯ ಮಾತುಗಳಿಗೂ ಕಾಣದ ಪೀಠಿಕೆಗೂ ಸೇರಿಸಿ ಕೊನೆಯ ಸಾಲಿನಲ್ಲಿ 2. ಬರಹದ ಕನ್ನಡವನ್ನು ಅವನು ಕಲಿಯಬೇಕು, ಅದರಲ್ಲಿ ರಿಯಾಯಿತಿ ಬೇಡ. ಆದರೆ ಆ ದಂಡ ನಾಲ್ಕು ಅಂಕದ ಆ ಒಂದೇ ಸಾಲಿನಲ್ಲಿ ಮುಗಿಯಬೇಕು. ಭಾಷೆ ಒರಟಾಗಿದೆ ಎಂದು ವಿಚಾರವೂ ಒರಟು ಎನಿಸುವುದು ನಮಗೆಲ್ಲ ಆಗುವ ಭ್ರಮೆ. ನಾನು ಹೊಸದಾಗಿ ಮೌಲ್ಯಮಾಪನ ಕೇಂದ್ರಕ್ಕೆ ಹೋಗುತ್ತಿದ್ದ ದಿನಗಳಲ್ಲಿ ಒಂದು ಕಟ್ಟನ್ನು ಮುಗಿಸಿ ಕೊಟ್ಟಾಗ, ಮೇಲ್ವಿಚಾರಕರು ನಾಲ್ಕು ಪತ್ರಿಕೆಗಳನ್ನು ತೆಗೆದು ಪಕ್ಕಪಕ್ಕ ಇಟ್ಟರು. ಅಕ್ಷರ ಕೆಟ್ಟದಾಗಿದ್ದ ಎರಡಕ್ಕೆ ನಾನು ಮಾಹಿತಿಯಲ್ಲಿಯೂ ಕಡಿಮೆ ಹಾಕಿದ್ದೆ; ಅವುಗಳಲ್ಲಿ ಇದ್ದ ಮಾಹಿತಿ ಇನ್ನೆರಡರಷ್ಟೇ ಇತ್ತು. ಅವರು ಏನೂ ಅನ್ನಲಿಲ್ಲ, ಕಟ್ಟನ್ನು ವಾಪಸು ನನ್ನ ಕಡೆ ಸರಿಸಿದರು.

ಇನ್ನು ನೀವು ಮಾಡಬಹುದಾದದ್ದು. ಎರಡೂ ಅಂಕಗಳ ಸರಾಸರಿ ಹಾಕಿಬಿಡುವುದು ಎಲ್ಲಕ್ಕಿಂತ ಸುಲಭ: ಹುಡುಗನಿಗೆ 12.5, ಹುಡುಗಿಗೆ 12. ನೋಡಲು ನನ್ನ ಅಂಕಗಳಿಗೆ ಹತ್ತಿರವೇ ಬಂದಿವೆ, ಆದರೆ ಅದು ಎರಡು ತಪ್ಪುಗಳು ಎದುರುಬದುರಾಗಿ ನಿಂತ ಆಕಸ್ಮಿಕ. ಉಳಿದ ಪತ್ರಿಕೆಗಳಲ್ಲಿ ಹಾಗಾಗುತ್ತದೆ ಎಂಬ ಭರವಸೆ ಇಲ್ಲ, ವಿದ್ಯಾರ್ಥಿ ಬಂದು ಯಾಕೆ ಎಂದು ಕೇಳಿದರೆ ಹೇಳಲು ಉತ್ತರವೂ ಇಲ್ಲ. ಈ ಎರಡು ಪತ್ರಿಕೆಗಳನ್ನಷ್ಟೇ ತಿದ್ದುವುದು ಇನ್ನೊಂದು ದಾರಿ, ಅದರಲ್ಲಿ ಅನ್ಯಾಯ ಹೆಚ್ಚು. ಒಂದೇ ತಪ್ಪಿಗೆ ಎರಡು ಸಾಲಿನಲ್ಲಿ ಅಂಕ ಕಳೆದುಕೊಂಡವರು, ತಲೆಬರಹದ ಅಂದಕ್ಕೆ ವಿವರಣೆಯಲ್ಲಿ 3, 4 ಪಡೆದವರು ಆ ಕಟ್ಟಿನಲ್ಲಿ ಇನ್ನೂ ಇರುತ್ತಾರೆ.

ನನ್ನ ಸಲಹೆ ಹೀಗಿದೆ. ಅಂಕಪಟ್ಟಿಗೆ ಇನ್ನೂ ಸಹಿ ಬಿದ್ದಿಲ್ಲವಾದರೆ, ಕಟ್ಟಿನಿಂದ ಐದು ಪತ್ರಿಕೆಗಳನ್ನು ಆರಿಸಿ, ಹೆಸರು ಮುಚ್ಚಿ, ನೀವೂ ನಿಮ್ಮ ಹಿರಿಯರೂ ಬೇರೆ ಬೇರೆ ಕುಳಿತು ಮೂರನೆಯ ಸಾಲಿಗೆ ಮಾತ್ರ ಅಂಕ ಹಾಕಿ. ಆಮೇಲೆ ಒಟ್ಟಿಗೆ ಕುಳಿತು, ಒಂದಕ್ಕಿಂತ ಹೆಚ್ಚು ಅಂಕದ ಅಂತರ ಬಂದ ಪತ್ರಿಕೆಯಲ್ಲಿ ಯಾವ ವಾಕ್ಯಕ್ಕೆ ಅಂಕ ಕೊಟ್ಟಿರಿ ಎಂದು ಬೆರಳಿಟ್ಟು ತೋರಿಸಿ. ಅರ್ಧ ಗಂಟೆಯಲ್ಲಿ ‘ವಿವರಣೆ’ ಎಂಬ ಪದಕ್ಕೆ ಇಬ್ಬರದೂ ಒಂದೇ ಅರ್ಥ ಆಗುತ್ತದೆ. ಅದಾದ ಮೇಲೆ ಇಡೀ ಕಟ್ಟಿನ ಎರಡನೆಯ ಮತ್ತು ಮೂರನೆಯ ಸಾಲನ್ನು ಮಾತ್ರ ಮತ್ತೆ ನೋಡಿ. ಒಂದು ಪತ್ರಿಕೆಯನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗುವ ಬದಲು ಎಲ್ಲ ಪತ್ರಿಕೆಗಳ ಮೂರನೆಯ ಸಾಲನ್ನು ಮೊದಲು ಮುಗಿಸಿ, ಆಮೇಲೆ ಎರಡನೆಯದು. ಹಾಗೆ ಮಾಡಿದಾಗ ಅಕ್ಷರದ ಪ್ರಭಾವ ಬಹಳ ಕಡಿಮೆಯಾಗುತ್ತದೆ. ಕೈ ನಿಧಾನವಾಗುತ್ತದೆ ಎಂಬುದೇ ಅದರ ತೊಂದರೆ. ಒಂದು ಸಂಜೆಯ ಕೆಲಸ ಎರಡು ಸಂಜೆಗೆ ಹೋಗಬಹುದು.

ಇದರಲ್ಲಿ ಅಪಾಯವೂ ಇದೆ. ಕೆಲವರ ಅಂಕ ಇಳಿಯುತ್ತದೆ, ಮತ್ತು ಇಳಿಯುವವರು ಬಹುಮಟ್ಟಿಗೆ ತರಗತಿಯಲ್ಲಿ ಜಾಣರೆನಿಸಿಕೊಂಡವರು. ಅವರು ಬಂದು ‘ನೀವು ಬರೆಯಿಸಿದ ನೋಟ್ಸನ್ನೇ ಬರೆದಿದ್ದೇವಲ್ಲ ಮೇಡಂ’ ಎಂದರೆ ಏನು ಹೇಳುತ್ತೀರಿ? ನೀವು ಪಾಠದಲ್ಲಿ ಆರು ತಲೆಬರಹಗಳನ್ನು ಬರೆಯಿಸಿ, ಅವುಗಳ ನಡುವಣ ಸಂಬಂಧವನ್ನು ಒಮ್ಮೆಯೂ ಬಿಡಿಸಿ ತೋರಿಸದೆ, ಪರೀಕ್ಷೆಯಲ್ಲಿ ಸಂಬಂಧ ಕೇಳಿದ್ದರೆ ಅವರ ಮಾತಿನಲ್ಲಿ ಹುರುಳಿದೆ. ಹಾಗಿದ್ದಲ್ಲಿ ಈ ಸಲ ಯಾರ ಅಂಕವನ್ನೂ ಇಳಿಸದೆ, ಎರಡು ಸಲ ದಂಡ ಬಿದ್ದವರದನ್ನು ಮಾತ್ರ ಏರಿಸಿ, ಮುಂದಿನ ಪರೀಕ್ಷೆಯಿಂದ ಪಟ್ಟಿಯನ್ನು ಕಟ್ಟುನಿಟ್ಟಾಗಿ ಬಳಸುವುದೇ ನನಗೆ ಸರಿ ಕಾಣುತ್ತದೆ. ನಿಮ್ಮ ಪ್ರಶ್ನೆಯಲ್ಲಿ ‘ಪರಿಶೀಲಿಸಿ’ ಎಂಬ ಕ್ರಿಯಾಪದ ಇದ್ದದ್ದು ನಿಮ್ಮ ಪುಣ್ಯ. ‘ಕಾರಣಗಳನ್ನು ತಿಳಿಸಿ’ ಎಂದಿದ್ದರೆ ಹುಡುಗಿಯ ಪಟ್ಟಿಯೇ ಪೂರ್ಣ ಉತ್ತರವಾಗುತ್ತಿತ್ತು, ಆಗ ನನ್ನ 11ಕ್ಕೆ ಯಾವ ಸಮರ್ಥನೆಯೂ ಇರುತ್ತಿರಲಿಲ್ಲ.

ಮುಂದಿನ ಸಲಕ್ಕೆ ಪಟ್ಟಿಯಲ್ಲಿ ಎರಡು ವಾಕ್ಯ ಸೇರಿಸಿ. ಮಾಹಿತಿಯ ಸಾಲಿನಲ್ಲಿ ‘ಕನಿಷ್ಠ ಮೂರು ಬಗೆಯ ಕಾರಣಗಳು, ಪ್ರತಿಯೊಂದಕ್ಕೂ ಒಂದು ನಿರ್ದಿಷ್ಟ ಹೆಸರು, ಘಟನೆ ಅಥವಾ ಇಸವಿ’ ಎಂದು ಬರೆದರೆ ತತ್ವಜ್ಞಾನಿಗಳು ಬೇಕೋ ಬೇಡವೋ ಎಂಬ ವಾದ ಹುಟ್ಟುವುದಿಲ್ಲ. ವಿವರಣೆಯ ಸಾಲಿನಲ್ಲಿ ‘ಒಂದು ಕಾರಣ ಇನ್ನೊಂದಕ್ಕೆ ಹೇಗೆ ದಾರಿ ಮಾಡಿತು ಎಂದು ಕನಿಷ್ಠ ಎರಡು ಕಡೆ ತೋರಿಸಿರಬೇಕು’ ಎಂದು ಬರೆಯಿರಿ. ಅದಕ್ಕಿಂತ ಹೆಚ್ಚು ಬಿಗಿ ಮಾಡಬೇಡಿ. ನಾನೊಮ್ಮೆ ಪ್ರತಿ ಅರ್ಧ ಅಂಕಕ್ಕೂ ಒಂದು ಷರತ್ತು ಬರೆದು ಪಟ್ಟಿ ಮಾಡಿದ್ದೆ. ಹುಡುಗರು ಷರತ್ತುಗಳನ್ನೇ ಬಾಯಿಪಾಠ ಮಾಡಿ ಉತ್ತರ ಬರೆದರು, ಗುಳೆಯಂಥ ವಾಕ್ಯಕ್ಕೆ ಅಂಕ ಕೊಡಲು ಆ ಪಟ್ಟಿಯಲ್ಲಿ ಜಾಗವೇ ಇರಲಿಲ್ಲ.

ಪತ್ರಿಕೆಗಳನ್ನು ವಾಪಸು ಕೊಡುವಾಗ ಹುಡುಗಿಯ ಅಂಚಿನಲ್ಲಿ ಹೀಗೆ ಬರೆಯಿರಿ: “ಮೂರು ವರ್ಗಗಳ ಬಗ್ಗೆ ನೀನು ಬರೆದದ್ದು ಸರಿ. ಆ ಅಸಮಾನತೆ ನೂರಾರು ವರ್ಷ ಇತ್ತು, ಸಿಡಿದದ್ದು 1789ರಲ್ಲೇ ಏಕೆ?” ಹುಡುಗನ ಅಂಚಿನಲ್ಲಿ ‘ಅಪ್ರಸ್ತುತ’ ಎಂಬುದನ್ನು ಹೊಡೆದುಹಾಕಿ, “1788. ಮಂತ್ರಿ ಯಾರು? ಸಭೆಯಲ್ಲಿ ಮತ ಎಣಿಸುವುದು ಹೇಗೆ ಎಂದು ಜಗಳವಾಯಿತು, ಅದನ್ನು ಓದಿಕೊಂಡು ಬಾ” ಎಂದು ಬರೆಯಿರಿ.